ಆರನೇ ಭಾವದಲ್ಲಿ ಸಿಲುಕಿದ ಕನ್ಯಾ: ನನ್ನ ಅನುಭವ

ಪ್ಲಾಸಿಡಸ್ ಕುಂಡಲಿಯಲ್ಲಿ ಒಂದು ರಾಶಿ ಯಾವ ಕಸ್ಪ್‌ಗೂ ತಾಗದೆ ಒಂದೇ ಭಾವದ ಹೊಟ್ಟೆಯೊಳಗೆ ಪೂರ್ತಿಯಾಗಿ ಅಡಗಿಬಿಟ್ಟರೆ ಅದನ್ನು ನಾನು ಸಿಲುಕಿದ ರಾಶಿ ಎನ್ನುತ್ತೇನೆ. ಅದರ ಎದುರಿನ ರಾಶಿಗೂ ಅದೇ ಗತಿ. ಆ ಎರಡರ ಲೆಕ್ಕ ಸರಿಹೋಗಲು ಬೇರೆ ಎರಡು ರಾಶಿಗಳು ತಲಾ ಎರಡು ಕಸ್ಪ್‌ಗಳ ಮೇಲೆ ಕೂರುತ್ತವೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿರದಿದ್ದದ್ದು ಇದನ್ನು ಫಲ ಹೇಳುವಾಗ ಏನು ಮಾಡಬೇಕು ಎಂಬುದು. ನಾನು ಹಣ ಕೊಟ್ಟು ಕಲಿತ ಒಂದು ತರಗತಿಯಲ್ಲಿ ಸಿಲುಕಿದ ರಾಶಿಯೆಂದರೆ ಹಿಂದಿನ ಜನ್ಮದ ಸಾಲ, ಅದರ ಗುಣಗಳು ಈ ಜನ್ಮದಲ್ಲಿ ಕೈಗೆ ಸಿಗವು ಎಂದು ಹೇಳಿಕೊಟ್ಟಿದ್ದರು. ಆ ತರಗತಿಗೆ ಸುಮಾರು ಎರಡು ತಿಂಗಳ ನನ್ನ ಸಂಪಾದನೆ ಹೋಯಿತು. ಅಲ್ಲಿ ಕಲಿತದ್ದನ್ನು ನಂಬಿ ಹೇಳಿದ ಮೊದಲ ಹತ್ತು ಹನ್ನೆರಡು ಜಾತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಲೆಯಾಡಿಸಲಿಲ್ಲ.

ಈಗ ನಾನು ನಡೆಸುವ ಕ್ರಮ ನೆಲೆಗೊಂಡದ್ದು ಒಂದೇ ಜಾತಕದಿಂದ. ಆ ಜಾತಕದಲ್ಲೇ ನಾನು ಮೊದಲು ಬಿದ್ದದ್ದೂ ಹೌದು.

ಸುಮಾರು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಸುಕಿನ 4 ಗಂಟೆಗೆ ಹುಟ್ಟಿದ ಹೆಂಗಸು. ಅವರ ಪ್ರಶ್ನೆ ಕೆಲಸದ್ದು: ಯಾವ ಹುದ್ದೆಯಲ್ಲೂ ಏಕೆ ನಿಲ್ಲಲಾಗುತ್ತಿಲ್ಲ? ನಾಲ್ಕು ಗಂಟೆಯ ಸಾಯನ ಕುಂಡಲಿಯಲ್ಲಿ ಲಗ್ನ ಮೀನದ ಕೊನೆಯಲ್ಲಿ, ದಶಮ ಕಸ್ಪ್ ಧನುವಿನ ಕೊನೆಯಲ್ಲಿ ಬಿದ್ದವು. ಲಗ್ನಭಾವದೊಳಗೆ ಮೇಷವೂ ಏಳರೊಳಗೆ ತುಲಾವೂ ಸಿಲುಕಿದ್ದವು, ಧನು ಒಂಬತ್ತು ಮತ್ತು ಹತ್ತರ ಎರಡೂ ಕಸ್ಪ್‌ಗಳಲ್ಲಿತ್ತು. ನಾನು ಧೈರ್ಯವಾಗಿ ಹೇಳಿದೆ: ತನ್ನ ಮಾತನ್ನು ಮುಂದಿಡಲಾಗದ ಸ್ವಭಾವ, ದಾಂಪತ್ಯದಲ್ಲಿ ಅದುಮಿಟ್ಟ ಕೋಪ, ಬೋಧನೆ ಅಥವಾ ದೂರಪ್ರಯಾಣ ಬೆರೆತ ಉದ್ಯೋಗ. ಅವರು ಕೊನೆಯವರೆಗೆ ಕೇಳಿಸಿಕೊಂಡು, “ನೀವು ಹೇಳಿದ್ದೆಲ್ಲ ನನ್ನ ತಂಗಿಗೆ ಹೊಂದುತ್ತದೆ, ನನಗಲ್ಲ” ಎಂದರು. ಶುಲ್ಕವನ್ನು ಪೂರ್ತಿ ಹಿಂದಿರುಗಿಸಿದೆ. ಜೊತೆಗಾರರೊಬ್ಬರು ಪ್ಲಾಸಿಡಸ್ ಬಿಟ್ಟು ರಾಶಿಯನ್ನೇ ಭಾವವೆಂದು ಹಿಡಿದರೆ ಈ ತಲೆನೋವೇ ಇರದು ಎಂದು ನಕ್ಕರು.

ಎರಡು ವಾರದ ನಂತರ ಆಕೆಯೇ ಹಳೆಯ ಕಾಗದವೊಂದನ್ನು ಹುಡುಕಿ ತಂದರು. ಅದರಲ್ಲಿ ಜನನ ಸಮಯ 4 ಗಂಟೆ 16 ನಿಮಿಷ ಎಂದಿತ್ತು. ಮನೆಯವರು ಸುಲಭಕ್ಕೆಂದು ನಾಲ್ಕು ಎಂದು ಹೇಳಿಕೊಂಡು ಬಂದಿದ್ದರು. ನಾಕ್ಷತ್ರ ಕಾಲ 17 ಗಂಟೆ 56 ನಿಮಿಷದಿಂದ 18 ಗಂಟೆ 12 ನಿಮಿಷಕ್ಕೆ ಸರಿಯಿತು, ಅಷ್ಟರಲ್ಲಿ ಇಡೀ ಚಿತ್ರ ಬದಲಾಯಿತು. ಲಗ್ನ ಮೇಷದ 7 ಡಿಗ್ರಿ, ಎರಡು ವೃಷಭ 21, ಮೂರು ಮಿಥುನ 15, ನಾಲ್ಕು ಕರ್ಕಾಟಕ 3, ಐದು ಕರ್ಕಾಟಕ 21, ಆರು ಸಿಂಹ 17. ಎದುರಿನ ಆರು ಕಸ್ಪ್‌ಗಳು ಎದುರು ರಾಶಿಗಳ ಅದೇ ಡಿಗ್ರಿಗಳಲ್ಲಿ. ಅಂದರೆ ಆರನೇ ಭಾವ ಸಿಂಹದ 17ರಿಂದ ತುಲಾದ 7ರವರೆಗೆ ಸುಮಾರು 50 ಡಿಗ್ರಿ ಹಿಗ್ಗಿದೆ, ಅದರೊಳಗೆ ಕನ್ಯಾ ಇಡಿಯಾಗಿ ಸಿಲುಕಿದೆ. ಹತ್ತನೇ ಭಾವ ಬರೀ 18 ಡಿಗ್ರಿಗೆ ಕುಗ್ಗಿದೆ, ಮಕರ ಹತ್ತು ಮತ್ತು ಹನ್ನೊಂದರ ಎರಡೂ ಬಾಗಿಲಲ್ಲಿ ನಿಂತಿದೆ. ಹದಿನಾರು ನಿಮಿಷದಲ್ಲಿ ಸಿಲುಕಿದ ಜೋಡಿ ಮೇಷ–ತುಲಾದಿಂದ ಮೀನ–ಕನ್ಯಾಕ್ಕೆ ಹಾರಿತ್ತು.

ಅಂದಿನಿಂದ ನಾನು ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಲಗ್ನವಾಗಲಿ ದಶಮವಾಗಲಿ ರಾಶಿಯ ಮೊದಲ ಮೂರು ಅಥವಾ ಕೊನೆಯ ಮೂರು ಡಿಗ್ರಿಯಲ್ಲಿದ್ದರೆ, ಸಮಯದ ಮೂಲ ಕಾಗದ ಕಾಣುವವರೆಗೆ ಸಿಲುಕಿದ ರಾಶಿಯ ಬಗ್ಗೆ ಬಾಯಿ ಬಿಡುವುದಿಲ್ಲ. ಇದೇ ಜಾತಕವನ್ನು ಮುಂದಕ್ಕೆ ಸರಿಸಿ ನೋಡಿದಾಗ ಇನ್ನೊಂದು ಸೂಕ್ಷ್ಮವೂ ಕಂಡಿತು. ಸುಮಾರು ಮೂವತ್ನಾಲ್ಕು ನಿಮಿಷ ತಡವಾಗಿ ಹುಟ್ಟಿದ್ದರೆ ಕನ್ಯಾ ಆರರಲ್ಲೇ ಸಿಲುಕಿರುತ್ತಿತ್ತು, ಆದರೆ ಹನ್ನೊಂದರ ಕಸ್ಪ್ ಕುಂಭಕ್ಕೆ ದಾಟಿ, ಎರಡು ಬಾಗಿಲ ರಾಶಿ ಮಕರದ ಬದಲು ಕುಂಭವಾಗಿ, ಹನ್ನೊಂದು–ಹನ್ನೆರಡು ಜೊತೆಯಾಗುತ್ತಿದ್ದವು. ಸಿಲುಕಿದ ರಾಶಿ ಒಂದೇ ಇದ್ದರೂ ಜೊತೆಯಾಗುವ ಭಾವಗಳು ಬೇರೆಯಾಗಬಹುದು. ಕೃಷ್ಣಮೂರ್ತಿ ಪದ್ಧತಿಯವರು ಇದೇ ಕಸ್ಪ್‌ಗಳಿಂದ ಅಯನಾಂಶ ಕಳೆದರೆ ಸಿಲುಕುವುದು ಕುಂಭ–ಸಿಂಹ. ಆದ್ದರಿಂದ ನನ್ನ ಮಾತು ಸಾಯನಕ್ಕೆ ಮಾತ್ರ.

ಈಗ ಫಲಕ್ಕೆ ಬರುತ್ತೇನೆ. ರವಿ ವೃಷಭದ 3ರಲ್ಲಿ, ಬುಧ ಮೇಷದ ಮಧ್ಯದಲ್ಲಿ, ಇಬ್ಬರೂ ಲಗ್ನಭಾವದಲ್ಲಿ. ಶನಿ ಕನ್ಯಾದ 20ರಲ್ಲಿ ವಕ್ರಿಯಾಗಿ, ಸಿಲುಕಿದ ರಾಶಿಯೊಳಗೇ ಇದ್ದಾನೆ. ಆರನೇ ಭಾವವನ್ನು ನಾನು ಎರಡು ಪದರವಾಗಿ ಓದುತ್ತೇನೆ. ಹೊರ ಪದರ ಕಸ್ಪ್‌ನ ಸಿಂಹದ್ದು, ಅದರ ಒಡೆಯ ರವಿ. ಲೋಕಕ್ಕೆ ಕಾಣುವ ಕೆಲಸ, ಅರ್ಜಿಯಲ್ಲಿ ಬರೆಯುವ ಹುದ್ದೆ, ಮೊದಲ ದಿನ ಕುರ್ಚಿ ಸಿಗುವ ರೀತಿ ಅವನದು. ಒಳ ಪದರ ಕನ್ಯಾದ್ದು, ಒಡೆಯ ಬುಧ. ನಿಜವಾಗಿ ಕೈ ನಡೆಯುವ ಕೆಲಸ ಅಲ್ಲಿದೆ, ಆದರೆ ಅದಕ್ಕೆ ಹೆಸರೂ ಇಲ್ಲ, ಸಂಬಳವೂ ಇಲ್ಲ. ಹೀಗಾಗಿ ನಾನು ಆಕೆಗೆ, “ನಿಮ್ಮನ್ನು ಮುಂದಾಳಾಗಿ ತೆಗೆದುಕೊಳ್ಳುತ್ತಾರೆ, ಆದರೆ ನೀವು ಮಾಡುತ್ತಿರುವುದು ಬೇರೆಯವರ ತಪ್ಪು ತಿದ್ದುವ ಕೆಲಸ, ಅದೂ ಯಾರೂ ನೋಡದ ಹೊತ್ತಿನಲ್ಲಿ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ಕಡೆ ತಂಡದ ಮುಖ್ಯಸ್ಥೆಯಾಗಿ ಸೇರಿದ್ದನ್ನೂ, ಮೂರೂ ಕಡೆ ಸಂಜೆ ಎಲ್ಲರೂ ಹೋದಮೇಲೆ ಲೆಕ್ಕದ ಹಾಳೆಗಳನ್ನು ಸಾಲು ಸಾಲಾಗಿ ಪೆನ್ಸಿಲಿನಿಂದ ತಾಳೆ ನೋಡುತ್ತಿದ್ದುದನ್ನೂ ಹೇಳಿದರು. ಅದನ್ನು ಅವರು ಕೆಲಸವೆಂದೇ ಎಣಿಸಿರಲಿಲ್ಲ.

ಸಿಲುಕಿದ ರಾಶಿ ದುರ್ಬಲವಲ್ಲ, ಅದಕ್ಕೆ ಸ್ವಂತ ಬಾಗಿಲಿಲ್ಲ ಅಷ್ಟೆ ಎಂಬ ನನ್ನ ಮಾತಿಗೆ ಬಂದ ದೊಡ್ಡ ಆಕ್ಷೇಪ, ಹಾಗಾದರೆ ಅದು ಹೊರಬರುವುದು ಎಲ್ಲಿಂದ ಎಂಬುದು. ಉತ್ತರ ಎದುರಿಗೇ ಇತ್ತು. ಬುಧನಿಗೆ ಎರಡು ಮನೆ. ಕನ್ಯಾಕ್ಕೆ ಕಸ್ಪ್ ಇಲ್ಲದಿದ್ದರೂ ಮಿಥುನ ಮೂರನೇ ಕಸ್ಪ್‌ನಲ್ಲಿದೆ. ಕನ್ಯಾದ ಸಾಮರ್ಥ್ಯ ಹೊರಬರುವ ದಾರಿ ಮೂರನೇ ಭಾವ: ಒಡಹುಟ್ಟಿದವರು, ಕಾಗದಪತ್ರ, ಹತ್ತಿರದ ಓಡಾಟ. ಆಕೆಗೆ ಮೊದಲ ಬಾರಿ ಲೆಕ್ಕ ತಪಾಸಣೆಗೆ ಹಣ ಸಿಕ್ಕಿದ್ದು ತಂಗಿಯ ಚಿಕ್ಕ ವ್ಯಾಪಾರದ ಕಾಗದಗಳನ್ನು ಸರಿಪಡಿಸಿದಾಗ. ಇದನ್ನು ನಾನು ಕೇಳಿ ತಿಳಿದದ್ದಲ್ಲ, “ತಂಗಿಯ ಕಾಗದಗಳನ್ನು ನೋಡಿಕೊಟ್ಟಿದ್ದೀರಾ?” ಎಂದು ಮೊದಲೇ ಪ್ರಶ್ನೆ ಹಾಕಿದ್ದೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತೇನೆ. ಎದುರಿನ ಮೀನಕ್ಕೂ ಇದೇ ಕ್ರಮದಲ್ಲಿ ಗುರುವಿನ ಧನು, ಅಂದರೆ ಒಂಬತ್ತನೇ ಭಾವ ಬಾಗಿಲಾಗುತ್ತದೆ. ಕರ್ಕಾಟಕ ಅಥವಾ ಸಿಂಹ ಸಿಲುಕಿದಾಗ ಮಾತ್ರ ಈ ದಾರಿ ಮುಚ್ಚಿದೆ, ಏಕೆಂದರೆ ಚಂದ್ರನಿಗೂ ರವಿಗೂ ಎರಡನೇ ಮನೆಯಿಲ್ಲ. ಅಂಥ ಜಾತಕಗಳಲ್ಲಿ ನಾನು ಬಳಸುವ ಉಪಾಯ ಬೇರೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಇನ್ನು ಮಕರದ ಎರಡು ಬಾಗಿಲು. ಒಬ್ಬ ಗ್ರಹ ಎರಡು ಭಾವಗಳಿಗೆ ಒಡೆಯನಾಗುವುದು ದೊಡ್ಡ ಸಂಗತಿಯೇನಲ್ಲ. ಹಳೆಯ ಅಧಿಪತ್ಯ ಹಿಡಿದರೆ ಐದು ಗ್ರಹಗಳಿಗೆ ಎರಡೆರಡು ರಾಶಿಗಳಿವೆ, ಈ ಜಾತಕದಲ್ಲಿ ಕುಂಭದ ಹನ್ನೆರಡನ್ನೂ ಸೇರಿಸಿ ಶನಿಗೆ ಮೂರು ಭಾವಗಳು. ಆದರೆ ಎರಡು ಕಸ್ಪ್‌ಗಳ ಮೇಲೆ ಒಂದೇ ರಾಶಿ ಕೂತಾಗ ಒಡೆಯನಷ್ಟೇ ಅಲ್ಲ, ಬಣ್ಣವೂ ಒಂದೇ, ಆ ಎರಡು ಭಾವಗಳ ನಡುವಿನ ಗೋಡೆಯೇ ತೆಳ್ಳಗಾಗುತ್ತದೆ. ಮಕರ ಮತ್ತು ಕುಂಭದ ನಡುವೆ ಆ ಬೆರಕೆ ಆಗುವುದಿಲ್ಲ. ಇಲ್ಲಿ ಹತ್ತು ಹನ್ನೊಂದು ಬೆರೆತಿವೆ: ಆಕೆಗೆ ಪ್ರತಿಯೊಂದು ಹುದ್ದೆಯೂ ಗೆಳೆಯರಿಂದಲೇ ಬಂದಿತ್ತು, ಪ್ರತಿ ಹುದ್ದೆ ಹೋದಾಗಲೂ ಆ ಗೆಳೆತನವೂ ಹೋಗಿತ್ತು. ಒಡೆಯ ಶನಿ ಸಿಲುಕಿದ ಕನ್ಯಾದಲ್ಲಿ ಕುಳಿತಿರುವುದರಿಂದ ಎರಡು ಭಾವಗಳ ಬೀಗದ ಕೈಯೂ ಆ ಮುಚ್ಚಿದ ಕೋಣೆಯಲ್ಲೇ ಇತ್ತು. ಹುದ್ದೆ ನಿಲ್ಲದಿರುವುದಕ್ಕೆ ಕಾರಣವನ್ನು ಹತ್ತರಲ್ಲಿ ಹುಡುಕಿದ್ದರೆ ಸಿಗುತ್ತಿರಲಿಲ್ಲ. ಎರಡರಲ್ಲಿ ಯಾವ ಭಾವ ಮೊದಲು ಪೆಟ್ಟು ತಿನ್ನುತ್ತದೆ ಎಂದು ತಿಳಿಯುವ ಲೆಕ್ಕವೊಂದು ನನ್ನಲ್ಲಿದೆ, ಅದು ಇನ್ನೂ ಹತ್ತಕ್ಕೆ ಏಳರಷ್ಟೇ ಹೊಂದುತ್ತಿರುವುದರಿಂದ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಾಲ ಹೇಳುವುದರಲ್ಲಿ ನಾನು ಬಹಳ ದಿನ ಹಾಳು ಮಾಡಿದೆ. ಪ್ರೊಗ್ರೆಷನ್‌ನಲ್ಲಿ ಕಸ್ಪ್ ಸರಿದು ಸಿಲುಕಿದ ರಾಶಿಯನ್ನು ತಾಗಿದಾಗ ಅದು ಬಿಡುಗಡೆಯಾಗುತ್ತದೆ ಎಂಬ ಮಾತನ್ನು ಪರೀಕ್ಷಿಸಲೆಂದೇ ಹೊಸ ತಂತ್ರಾಂಶ ಕೊಂಡೆ. ವರ್ಷಕ್ಕೆ ಒಂದು ಡಿಗ್ರಿಯಂತೆ ದಶಮವನ್ನು ನಡೆಸಿದರೆ ಆಕೆಯ ಆರನೇ ಕಸ್ಪ್ ಸುಮಾರು 8ನೇ ವಯಸ್ಸಿನಲ್ಲೇ ಕನ್ಯಾಕ್ಕೆ ಬರುತ್ತದೆ. ಎಂಟರಲ್ಲಿ ಆಕೆಯ ಬದುಕಿನಲ್ಲಿ ಹೇಳುವಂಥದ್ದೇನೂ ಆಗಿರಲಿಲ್ಲ. ಸುಮಾರು ನಲವತ್ತು ಜಾತಕಗಳಲ್ಲಿ ಇದನ್ನು ಹಚ್ಚಿ ನೋಡಿದೆ, ಹೊಂದಿದ್ದು ಐದೋ ಆರೋ. ತಂತ್ರಾಂಶದ ಹಣ ಹೋದದ್ದೇ ಲಾಭ.

ಕೆಲಸ ಮಾಡಿದ್ದು ಸಾದಾ ಗೋಚಾರ. ಶನಿ ಆಕೆಯ 26ನೇ ವಯಸ್ಸಿನಲ್ಲಿ ಸಿಂಹದ 17 ದಾಟಿ ಆರಕ್ಕೆ ಬಂದ, ಆಗ ಹುದ್ದೆ ಬದಲಾಯಿತು, ಆದರೆ ಅದೇ ಮುಖ್ಯಸ್ಥೆಯ ಕುರ್ಚಿ. ಭಾವ ಪ್ರವೇಶವನ್ನೇ ಹಿಡಿದು ಹೇಳುವವರು ಇಲ್ಲೇ ನಿಲ್ಲುತ್ತಾರೆ, ತಪ್ಪುವುದೂ ಇಲ್ಲೇ. ಒಂದು ವರ್ಷದ ನಂತರ ಶನಿ ಕನ್ಯಾವನ್ನು ಹೊಕ್ಕಾಗ ತಂಗಿಯ ಕಾಗದಗಳು ಬಂದವು. 28 ದಾಟಿದ ಮೇಲೆ ವಕ್ರಗತಿಯಿಂದಾಗಿ ಶನಿ ತನ್ನ ಜನ್ಮಸ್ಥಾನವನ್ನು ಮೂರು ಸಲ ಮುಟ್ಟಿದ. ಮೊದಲ ಸಲ ಹುದ್ದೆ ಹೋಯಿತು, ಎರಡನೆಯ ಸಲ ಹಳೆಯ ಗೆಳತಿಯೊಬ್ಬಳು ಮಾತು ಬಿಟ್ಟಳು, ಮೂರನೆಯ ಸಲ ಲೆಕ್ಕ ತಪಾಸಕಿಯಾಗಿ ನೇಮಕವಾಯಿತು. ಆಕೆ ನನ್ನ ಬಳಿ ಬಂದದ್ದು ಇದೆಲ್ಲ ನಡೆದು ಎಷ್ಟೋ ವರ್ಷಗಳ ಮೇಲೆ, ಆ ಕೆಲಸವನ್ನೂ ಬಿಟ್ಟು ಮತ್ತೆ ಮುಖ್ಯಸ್ಥೆಯಾಗಿ ಸೇರಿ, ಅದೂ ಕೈತಪ್ಪಿದ ನಂತರ. ಹಾಗಾಗಿ ಇದು ಹಿಂದಿನದನ್ನು ಹೊಂದಿಸಿದ ಲೆಕ್ಕವೆಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ವರ್ಷಗಳನ್ನು ಮಾತ್ರ ನಾನೇ ಮೊದಲು ಹಾಳೆಯ ಮೇಲೆ ಬರೆದು ಮಡಿಸಿಟ್ಟು, ಆಮೇಲೆ ಆಕೆಯನ್ನು ಕೇಳಿದ್ದೆ. ನಕ್ಕಿದ್ದ ಜೊತೆಗಾರರು ಆ ದಿನ ಪಕ್ಕದಲ್ಲೇ ಇದ್ದರು.

ಆಕೆ ಈ ಬಾರಿ ಹಿಂದೆ ಪಡೆದ ಶುಲ್ಕವನ್ನೂ ಸೇರಿಸಿ ಕೊಟ್ಟರು. ಹೋಗುವ ಮುನ್ನ ನಾಲ್ಕು ಮತ್ತು ಐದರ ಬಗ್ಗೆ ಕೇಳಿದರು: ತಾಯಿಯ ಮನೆಯನ್ನು ಮಾರಬೇಕೇ, ಮಗನಿಗೆ ಬಿಡಬೇಕೇ? ಎರಡೂ ಕಸ್ಪ್‌ಗಳಲ್ಲಿ ಕರ್ಕಾಟಕವಿದೆ, ಚಂದ್ರ ಸಿಂಹದ 15ರಲ್ಲಿ, ಐದರ ಅಂಚಿನಲ್ಲಿ, ಆರನೇ ಕಸ್ಪ್‌ಗೆ ಎರಡೇ ಡಿಗ್ರಿ ಹಿಂದೆ ನಿಂತಿದ್ದಾನೆ. ಜನನ ಸಮಯ ಇನ್ನೊಂದು ಎರಡು ನಿಮಿಷ ಆಚೀಚೆಯಾದರೂ ಚಂದ್ರ ಐದರಲ್ಲೇ ಇರುತ್ತಾನೆಯೇ ಎಂದು ನೋಡಿ ಹೇಳುತ್ತೇನೆ ಎಂದು ಅವರನ್ನು ಕಳಿಸಿದ್ದೇನೆ.