ಗಬಗಬನೆ ನುಂಗುವ ಬೆಕ್ಕಿಗೆ ಪಡ್ಡಿನ ಹಂಚು: ನನ್ನ ಅನುಭವ

ಬಟ್ಟಲಿಗೆ ಹಾಕಿದ ಒಣ ಆಹಾರವನ್ನು ಅಗಿಯದೆ ನುಂಗಿ, ಐದು ನಿಮಿಷದೊಳಗೆ ಇಡೀ ಕಾಳುಗಳನ್ನೇ ನೆಲದ ಮೇಲೆ ಕಕ್ಕುವ ಬೆಕ್ಕನ್ನು ಸಾಕಿದವರಿಗೆ ನಾನು ಯಾವ ತೊಂದರೆಯ ಬಗ್ಗೆ ಬರೆಯುತ್ತಿದ್ದೇನೆಂದು ವಿವರಿಸಬೇಕಾಗಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡನೇ ಮಹಡಿಯಲ್ಲಿರುವ ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ, ಎರಡನ್ನೂ ಹೊರಗೆ ಬಿಡುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕು ಗುಂಡನಿಗೆ ಆಗ ಐದೂವರೆ ಕಿಲೋ ತೂಕವಿತ್ತು. ವಯಸ್ಸಾದ ಹೆಣ್ಣು ಬೆಕ್ಕು ಚಿನ್ನಿ ಮೂರು ಕಿಲೋ ಇದ್ದು, ನಿಧಾನವಾಗಿ ತಿನ್ನುವ ಸ್ವಭಾವದ್ದು. ಗುಂಡ ತನ್ನ ಪಾಲನ್ನು ಒಂದು ನಿಮಿಷದೊಳಗೆ ಮುಗಿಸಿ, ಚಿನ್ನಿಯ ಬಟ್ಟಲಿಗೆ ಬಾಯಿ ಹಾಕಿ, ಆಮೇಲೆ ವಾರಕ್ಕೆ ನಾಲ್ಕೈದು ಸಲವಾದರೂ ಕಕ್ಕುತ್ತಿದ್ದ. ಉಳಿದ ಹೊತ್ತೆಲ್ಲ ನಿದ್ದೆ ಮಾಡಿ, ನಸುಕಿನ ನಾಲ್ಕು ಗಂಟೆಗೆ ಮಲಗುವ ಕೋಣೆಯ ಬಾಗಿಲು ಕೆರೆಯುತ್ತಿದ್ದ.

ಕಕ್ಕಿದ್ದೆಲ್ಲವೂ ಅವಸರದ ಊಟದಿಂದಲೇ ಆಗುತ್ತದೆಂದು ನಂಬಿ ಕೂರಬಾರದು. ಗುಂಡನ ವಿಷಯದಲ್ಲಿ ಗುರುತು ಸ್ಪಷ್ಟವಾಗಿತ್ತು. ಊಟವಾದ ಕೂಡಲೇ, ಹೊಟ್ಟೆ ಹಿಂಡಿಕೊಳ್ಳದೆ, ತಲೆ ತಗ್ಗಿಸಿದಾಗ ಕಾಳುಗಳು ಹಾಗೆಯೇ ಉದುರುತ್ತಿದ್ದವು, ಆಮೇಲೆ ಅವನು ಅದನ್ನೇ ಮತ್ತೆ ತಿನ್ನಲು ಹೋಗುತ್ತಿದ್ದ. ಹೊಟ್ಟೆ ಹಿಂಡಿಕೊಂಡು, ಊಟವಾಗಿ ಗಂಟೆಗಳ ನಂತರ ವಾಂತಿ ಮಾಡುವ ಬೆಕ್ಕು, ತೂಕ ಇಳಿಯುತ್ತಿರುವ ಬೆಕ್ಕು, ಹೆಚ್ಚು ನೀರು ಕುಡಿಯುತ್ತಿರುವ ಬೆಕ್ಕು ಇವುಗಳ ಕಥೆಯೇ ಬೇರೆ, ಊಟವನ್ನು ಹುಡುಕಿ, ಸರಿಸಿ ನಿಧಾನವಾಗಿ ತಿನ್ನುವಂತೆ ಮಾಡುವ ಯಾವ ಪಜಲ್ ಫೀಡರೂ ಅವಕ್ಕೆ ಔಷಧವಲ್ಲ. ನಾನು ಮೊದಲು ರಕ್ತಪರೀಕ್ಷೆ ಮಾಡಿಸಿ, ಜಂತಿನ ಮಾತ್ರೆ ಕೊಡಿಸಿ, ಸುಮಾರು ಸಾವಿರದ ಐನೂರು ರೂಪಾಯಿ ಖರ್ಚು ಮಾಡಿ, ರೋಗವಿಲ್ಲವೆಂದು ಖಚಿತವಾದ ಮೇಲೆಯೇ ಊಟದ ಕ್ರಮಕ್ಕೆ ಕೈ ಹಾಕಿದೆ.

ಅಂಗಡಿಯ ಸಾಮಾನುಗಳ ಮೇಲೆ ಸುರಿದ ಹಣ ಸುಮಾರು ಎರಡು ಸಾವಿರ ರೂಪಾಯಿ. ಮೊದಲು ತಂದದ್ದು ಉರುಳಿದಾಗ ಕಾಳು ಉದುರಿಸುವ ಪ್ಲಾಸ್ಟಿಕ್ ಚೆಂಡು. ಅದರ ತೂತು ನಮ್ಮ ಕಾಳಿಗಿಂತ ಕೂದಲೆಳೆಯಷ್ಟೇ ದೊಡ್ಡದಾಗಿದ್ದರಿಂದ ಹತ್ತು ಸಲ ಉರುಳಿಸಿದರೂ ಒಂದು ಕಾಳು ಹೊರಬರುತ್ತಿರಲಿಲ್ಲ. ಗುಂಡ ಎರಡು ಸಲ ಮೂಸಿ, ಬಾಲ ಬೀಸಿ, ಹಳೆಯ ಬಟ್ಟಲಿನ ಜಾಗದಲ್ಲಿ ಹೋಗಿ ಕುಳಿತ. ಎರಡನೆಯದು ನಾಯಿಗಳಿಗೆಂದು ಮಾಡಿದ, ಒಳಗೆ ಎತ್ತರದ ಗೋಡೆಗಳಿರುವ ತಟ್ಟೆ. ಅದರ ಗೋಡೆಗಳ ನಡುವಿನ ಸಂದು ಬೆಕ್ಕಿನ ಮೂತಿಗೂ ಪಂಜಕ್ಕೂ ಒಗ್ಗಲಿಲ್ಲ, ತಟ್ಟೆ ಹಗುರವಾಗಿದ್ದರಿಂದ ಟೈಲ್ಸಿನ ಮೇಲೆ ಜಾರಿ ಗೋಡೆಗೆ ಬಡಿಯುತ್ತಿತ್ತು. ಆಗಲೇ ಪಕ್ಕದ ಮನೆಯವರು, "ಬೆಕ್ಕಿಗೇನು ಊಟ ಹುಡುಕಾಕ ಕಲಸ್ತೀರಿ ಅಕ್ಕಾರ, ಸುಮ್ನ ಒಂದ್ ಬಟ್ಲ ಹಾಲ ಇಟ್ಟಬಿಡ್ರಿ" ಎಂದದ್ದು. ಸಾಮಾನು ಮಾರಿದ ಅಂಗಡಿಯವರೂ ಬೆಕ್ಕು ನಾಯಿಯಂತೆ ದುಡಿದು ತಿನ್ನುವುದಿಲ್ಲವೆಂದೇ ವಾದಿಸಿದರು. ಆ ವಾದದಲ್ಲಿ ಅರ್ಧ ಸತ್ಯವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾದಾ ತಟ್ಟೆಯೂ ಪಜಲ್ಲೂ ಅಕ್ಕಪಕ್ಕ ಇದ್ದಾಗ ಹೆಚ್ಚಿನ ಬೆಕ್ಕುಗಳು ತಟ್ಟೆಯನ್ನೇ ಆರಿಸಿಕೊಂಡವು. ಹಾಗಾಗಿ ತುಂಬಿದ ಬಟ್ಟಲನ್ನು ಪಕ್ಕದಲ್ಲಿಟ್ಟು ಪಜಲ್ ಕಲಿಸಲು ಹೊರಟವರು ಸೋಲುವುದು ಸಹಜ.

ದಾರಿ ತೋರಿಸಿದ್ದು ಅಡುಗೆಮನೆಯ ಹಳೆಯ ಬೀಡಿನ ಪಡ್ಡಿನ ಹಂಚು. ನಮ್ಮದರಲ್ಲಿ ಹನ್ನೆರಡು ಕುಳಿಗಳಿವೆ. ಕುಳಿ ದುಂಡಾಗಿ, ಆಳ ಕಡಿಮೆಯಾಗಿರುವುದರಿಂದ ಮೊದಲ ದಿನವೇ ಬೆಕ್ಕಿಗೆ ಸೋಲಾಗುವುದಿಲ್ಲ, ಆದರೆ ಒಂದೇ ಬಾಯಿಗೆ ಹತ್ತಿಪ್ಪತ್ತು ಕಾಳು ಸಿಗುವುದೂ ಇಲ್ಲ. ಬೀಡಿನ ಭಾರಕ್ಕೆ ಹಂಚು ಇಟ್ಟ ಜಾಗದಿಂದ ಕದಲುವುದಿಲ್ಲ, ಆದ್ದರಿಂದ ಕೆಳಗೆ ರಬ್ಬರ್ ಅಂಟಿಸುವ ಗೋಜಿಲ್ಲ. ಬೀಡು ತುಕ್ಕು ಹಿಡಿಯುವುದರಿಂದ ತೊಳೆದ ಕೂಡಲೇ ಒರೆಸಿ ಒಲೆಯ ಮೇಲೆ ಕ್ಷಣಹೊತ್ತು ಬಿಸಿ ಮಾಡಬೇಕು, ಬೆಕ್ಕಿಗೆ ಕೊಟ್ಟ ಹಂಚನ್ನು ಮತ್ತೆ ಪಡ್ಡಿಗೆ ಬಳಸಬಾರದು.

ಪ್ರಮಾಣವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದ ಹಿಡಿದೆ. ಹಿಂದೆ ಕಣ್ಣಳತೆಯಲ್ಲಿ ಹಾಕುತ್ತಿದ್ದದ್ದು ದಿನಕ್ಕೆ ಎಂಬತ್ತು ಗ್ರಾಮಿಗೂ ಮೀರುತ್ತಿತ್ತು. ನಮ್ಮ ಪೊಟ್ಟಣದ ಲೆಕ್ಕದಲ್ಲಿ ಗುಂಡನಿಗೆ ಸುಮಾರು ಅರವತ್ತು ಗ್ರಾಂ ಸಾಕು. ಅದನ್ನು ನಾಲ್ಕು ಪಾಲು ಮಾಡಿದರೆ ಒಂದು ಹೊತ್ತಿಗೆ ಹದಿನೈದು ಗ್ರಾಂ, ಅಂದರೆ ಕುಳಿಗೆ ನಾಲ್ಕೈದು ಕಾಳು. ಮೊದಲ ವಾರ ಪ್ರತಿ ಪಾಲಿನ ಅರ್ಧವನ್ನು ಹಂಚಿನಲ್ಲಿಟ್ಟು, ಅದು ಮುಗಿದ ಮೇಲೆ ಉಳಿದರ್ಧವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಕೊಟ್ಟೆ. ಎರಡನೇ ವಾರ ತಟ್ಟೆಯನ್ನು ನಿಲ್ಲಿಸಿದೆ. ಆಮೇಲೆ ಮೂರ್ನಾಲ್ಕು ಕುಳಿಗಳ ಮೇಲೆ ಟೇಬಲ್ ಟೆನ್ನಿಸ್ ಚೆಂಡು ಇಟ್ಟೆ. ಅದನ್ನು ಪಂಜದಿಂದ ಸರಿಸಿದರೆ ಮಾತ್ರ ಕೆಳಗಿನ ಕಾಳು ಸಿಗುತ್ತದೆ. ಒಂದು ನಿಮಿಷದೊಳಗೆ ಮುಗಿಯುತ್ತಿದ್ದ ಊಟ ಬರಿಯ ಹಂಚಿನಲ್ಲಿ ನಾಲ್ಕು ನಿಮಿಷಕ್ಕೂ, ಎಲ್ಲ ಕುಳಿಗಳಿಗೂ ಚೆಂಡು ಇಟ್ಟಾಗ ಎಂಟು ಹತ್ತು ನಿಮಿಷಕ್ಕೂ ಹೋಯಿತು. ಮುಂದಿನ ಹಂತಕ್ಕೆ ಯಾವಾಗ ಹೋಗಬೇಕೆಂಬುದಕ್ಕೆ ನಾನು ಕಂಡುಕೊಂಡ ಗುರುತು ಒಂದೇ: ಬೆಕ್ಕು ನಡುವೆ ಎದ್ದುಹೋಗದೆ, ಕೂಗದೆ, ಸತತವಾಗಿ ಮೂರ್ನಾಲ್ಕು ದಿನ ಪೂರ್ತಿ ಖಾಲಿ ಮಾಡಬೇಕು. ಹಂಚಿನ ಮುಂದೆ ಕುಳಿತು ನನ್ನ ಮುಖ ನೋಡಿದರೆ, ಅಥವಾ ಹಂಚನ್ನೇ ಕಚ್ಚತೊಡಗಿದರೆ, ಕಷ್ಟ ಹೆಚ್ಚಾಯಿತೆಂದು ತಿಳಿದು ಹಿಂದಿನ ಹಂತಕ್ಕೆ ಮರಳುತ್ತಿದ್ದೆ.

ಹಂಚು ಗೆದ್ದ ಮೇಲೆ ಬಾಟಲಿ ಸುಲಭವಾಯಿತು. ಅರ್ಧ ಲೀಟರಿನ ಪಾರದರ್ಶಕ ಬಾಟಲಿಯಾದರೆ ಒಳಗಿನ ಕಾಳು ಕಾಣುತ್ತದೆ, ಅಷ್ಟರಿಂದಲೇ ಬೆಕ್ಕಿನ ಆಸಕ್ತಿ ಉಳಿಯುತ್ತದೆ. ಕಾಳು ಸುಮಾರು ಒಂದು ಸೆಂಟಿಮೀಟರ್ ಇದ್ದರೆ ಮೊದಲ ತೂತುಗಳು ಎರಡೂವರೆ ಸೆಂಟಿಮೀಟರ್ ಇರಲಿ, ಸಂಖ್ಯೆ ಐದಾರು ಇರಲಿ. ಒಂದು ಸಲ ಉರುಳಿಸಿದರೆ ಎರಡು ಮೂರು ಕಾಳು ಬೀಳಲೇಬೇಕು. ಬೆಕ್ಕು ಪಳಗಿದಂತೆ ಒಂದೊಂದೇ ತೂತಿನ ಮೇಲೆ ಟೇಪು ಹಚ್ಚಿ ಎರಡಕ್ಕೆ ಇಳಿಸಿದೆ. ತೂತನ್ನು ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಮಾಡಿದರೆ ಅಂಚು ಕರಗಿ ನುಣುಪಾಗುತ್ತದೆ. ಕತ್ತರಿಯಿಂದ ಮಾಡಿದರೆ ಅಂಚು ಚೂಪಾಗಿ ಉಳಿದು ಮೂತಿಗೆ ಗೀರುತ್ತದೆ. ಬಾಟಲಿಯ ಮುಚ್ಚಳದ ಕೆಳಗಿನ ಬಳೆಯನ್ನೂ ಹೊರಗಿನ ಪ್ಲಾಸ್ಟಿಕ್ ಲೇಬಲನ್ನೂ ತೆಗೆದುಹಾಕಬೇಕು, ಬೆಕ್ಕುಗಳು ಅವನ್ನು ಕಚ್ಚಿ ನುಂಗುತ್ತವೆ. ಕಾಳು ಒಮ್ಮೆಲೇ ಸುರಿಯದಂತೆ ನಾನು ಬಾಟಲಿಯೊಳಗೆ ಒಂದು ತಡೆ ಕೂರಿಸುತ್ತೇನೆ. ಅದರ ಆಕಾರವನ್ನೂ ಜಾಗವನ್ನೂ ಕಂಡುಕೊಳ್ಳಲು ತಿಂಗಳುಗಳೇ ಹಿಡಿದಿದ್ದರಿಂದ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ತಡೆಯಿಲ್ಲದ ಬಾಟಲಿಯೂ ಕೆಲಸ ಮಾಡುತ್ತದೆ.

ನಾಲ್ಕು ಹೊತ್ತಿನಲ್ಲಿ ಒಂದನ್ನು ಮನೆಯೊಳಗೆ ಚೆಲ್ಲಿ ಕೊಡುತ್ತೇನೆ. ಆರಂಭದಲ್ಲಿ ಕಣ್ಣೆದುರೇ ಒಂದೊಂದಾಗಿ ಕಾಳನ್ನು ನೆಲದ ಮೇಲೆ ಉರುಳಿಸಬೇಕು, ಓಡಿ ಹಿಡಿಯುವುದು ಬೆಕ್ಕಿಗೆ ಕಲಿಸಬೇಕಾದ ವಿದ್ಯೆಯಲ್ಲ. ಆಮೇಲೆ ಕಿಟಕಿಯ ಕಟ್ಟೆ, ಕುರ್ಚಿಯ ಮೇಲೆ, ಪುಸ್ತಕದ ಕಪಾಟಿನ ಕೆಳಹಂತ ಹೀಗೆ ಎತ್ತರವನ್ನೂ ಸೇರಿಸಿದೆ. ಎಷ್ಟು ಜಾಗಗಳಲ್ಲಿ ಇಟ್ಟೆನೆಂದು ಎಣಿಸಿಡುವುದು ಬಹಳ ಮುಖ್ಯ, ಏಕೆಂದರೆ ಮಳೆಗಾಲದಲ್ಲಿ ಮರೆತ ಒಂದು ಕಾಳಿಗೆ ಅರ್ಧ ಗಂಟೆಯಲ್ಲಿ ಇರುವೆಯ ಸಾಲು ಬರುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇರುವೆಗೆಂದು ನೆಲದ ಮೇಲೆ ಗೆರೆ ಎಳೆಯುವ ವಿಷದ ಚಾಕ್‌ಪೀಸನ್ನು ಬೆಕ್ಕಿರುವ ಮನೆಯಲ್ಲಿ ಬಳಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಕರಗಿಸಲಾರದು, ನೆಲ ಮೂಸಿ ತಿನ್ನುವ ಬೆಕ್ಕಿಗಂತೂ ಅಪಾಯ ಇನ್ನೂ ಹೆಚ್ಚು. ನಾನು ಇಪ್ಪತ್ತು ನಿಮಿಷ ಬಿಟ್ಟು ಉಳಿದ ಕಾಳುಗಳನ್ನು ಹೆಕ್ಕಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತೇನೆ.

ನಡುವೆ ಕೌದಿಯ ಪ್ರಯೋಗವನ್ನೂ ಮಾಡಿದ್ದೆ. ಹಳೆಯ ಕೌದಿಯನ್ನು ಮಡಿಕೆ ಮಡಿಕೆಯಾಗಿ ಹಾಸಿ, ಮಡಿಕೆಗಳ ನಡುವೆ ಕಾಳು ಹುದುಗಿಸಿದಾಗ ಗುಂಡ ಹದಿನೈದು ನಿಮಿಷ ತಲ್ಲೀನನಾಗಿ ಹುಡುಕುತ್ತಿದ್ದ, ಅಷ್ಟು ಹೊತ್ತು ಬೇರೆ ಯಾವುದೂ ಅವನನ್ನು ಹಿಡಿದಿಟ್ಟಿರಲಿಲ್ಲ. ಆದರೆ ಉಗುರು ಸಿಕ್ಕಿ ಹೊಲಿಗೆಯ ದಾರ ಸಡಿಲವಾಗಿ ಬಾಯಿಗೆ ಬರುವುದನ್ನು ಕಂಡ ದಿನವೇ ಅದನ್ನು ನಿಲ್ಲಿಸಿದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಮ್ಮುಖವಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಅದು ಉಗುಳಲಾರದೆ ನುಂಗುತ್ತಲೇ ಹೋಗುತ್ತದೆ, ಕರುಳಿನಲ್ಲಿ ಸಿಕ್ಕ ದಾರ ಶಸ್ತ್ರಚಿಕಿತ್ಸೆಯವರೆಗೂ ಒಯ್ಯುತ್ತದೆ. ಈಗ ಕೌದಿಯ ಬದಲು ಮೊಟ್ಟೆಯ ರಟ್ಟಿನ ಟ್ರೇ ಬಳಸುತ್ತೇನೆ. ಕಿರಾಣಿ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ, ಹಸಿ ಮೊಟ್ಟೆ ಒಡೆದು ಅಂಟಿರದ ಟ್ರೇ ಆರಿಸಿ, ನೆನೆದ ಕೂಡಲೇ ಎಸೆಯಬೇಕು.

ಎರಡು ಬೆಕ್ಕುಗಳಿರುವ ಮನೆಯಲ್ಲಿ ಇದೆಲ್ಲ ಫಲಿಸಬೇಕಾದರೆ ಪೈಪೋಟಿ ನಿಲ್ಲಬೇಕು. ಗುಂಡ ಅವಸರಪಡುತ್ತಿದ್ದದ್ದರಲ್ಲಿ ಚಿನ್ನಿಯ ಬಟ್ಟಲಿನ ಆಸೆಯ ಪಾಲೂ ಇತ್ತು. ಚಿನ್ನಿಗೆ ಹಲ್ಲು ಸವೆದಿರುವುದರಿಂದ ಅದಕ್ಕೆ ಪಜಲ್ ಕೊಡದೆ, ಬಾಗಿಲು ಹಾಕಿದ ಕೋಣೆಯಲ್ಲಿ ಸಾದಾ ತಟ್ಟೆಯಲ್ಲೇ ಕೊಡುತ್ತೇನೆ. ಬಾಗಿಲು ಮುಚ್ಚತೊಡಗಿದ ವಾರದಲ್ಲೇ ಗುಂಡನ ಕಕ್ಕುವಿಕೆ ಅರ್ಧಕ್ಕೆ ಇಳಿಯಿತು. ಈಗ ತಿಂಗಳಿಗೆ ಒಂದು ಸಲ ಆದರೆ ಹೆಚ್ಚು. ಆರು ತಿಂಗಳಲ್ಲಿ ಅವನ ತೂಕ ಸುಮಾರು ಐದು ಕಿಲೋಗೆ ಬಂದಿದೆ. ರಾತ್ರಿ ಹತ್ತೂವರೆಗೆ ಕೊನೆಯ ಪಾಲನ್ನು ಬಾಟಲಿಯಲ್ಲಿ ಕೊಡುವುದರಿಂದ ನಸುಕಿನ ಬಾಗಿಲು ಕೆರೆತವೂ ಬಹುಮಟ್ಟಿಗೆ ನಿಂತಿದೆ. ಹಾಲಿನ ಸಲಹೆ ಕೊಟ್ಟ ಪಕ್ಕದ ಮನೆಯವರು ಈಗ ತಮ್ಮ ಬೆಕ್ಕಿಗೆ ಹಂಚು ಹುಡುಕುತ್ತಿದ್ದಾರೆ, ದುರ್ಗದ ಬೈಲಿನ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿರೆಂದು ಹೇಳಿದ್ದೇನೆ.

ಹಸಿದರೆ ತಾನೇ ಕಲಿಯುತ್ತದೆಂದು ಬೆಕ್ಕನ್ನು ಉಪವಾಸ ಕೆಡಹುವವರನ್ನು ಕಂಡಿದ್ದೇನೆ, ಅದು ಸರ್ವಥಾ ಕೂಡದು. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಪ್ರಾಣಕ್ಕೇ ಸಂಚಕಾರವಾಗಬಹುದು. ಒಂದು ಹೊತ್ತಿನ ಪಾಲು ಉಳಿದರೆ ಅದನ್ನು ಅದೇ ದಿನ ತಟ್ಟೆಯಲ್ಲಿ ಕೊಟ್ಟುಬಿಡುತ್ತೇನೆ, ಇಡೀ ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರ ಬಳಿಗೆ ಒಯ್ಯಬೇಕು. ಮುಂದಿನ ಪಜಲ್ಲಿಗೆಂದು ಪ್ಲಂಬರನ ಬಳಿ ಉಳಿದಿದ್ದ ಮೂರಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ನೂರು ರೂಪಾಯಿಗೆ ತಂದು ಗೋಡೆಗೆ ಜೋಡಿಸುವ ಕೆಲಸ ಈಗ ನಡೆದಿದೆ. ಪೈಪಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವುದು ಬಾಕಿಯಿದೆ.