ಜ್ವರದ ಕಿಚಡಿ ಬೇರೆ, ದಣಿದ ಸಂಜೆಯ ಕಿಚಡಿ ಬೇರೆ: ನನ್ನ ಅನುಭವ

ನಮ್ಮ ರಾಯಚೂರು ಕಡೆ ಜ್ವರ ಬಂದರೆ ಗಂಜಿ ಅಂತಲೇ ರೂಢಿ. "ಬ್ಯಾಳಿ ಹಾಕಿದ್ರ ಹೊಟ್ಯಾಗ ವಾಯು ಆಗ್ತದ, ಬ್ಯಾಡ" ಅಂದವರೇ ಹೆಚ್ಚು. ಈಗ ಅದೇ ಮಂದಿ ನನ್ನ ಹೆಸರುಬೇಳೆ ಕಿಚಡಿಯ ಅಳತೆ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಂಡಂತೆ ವಾಯು ಆಗುತ್ತಿದ್ದುದು ಬೇಳೆ ಹಾಕಿದ್ದಕ್ಕಿಂತ ಹೆಚ್ಚಾಗಿ ಬೇಳೆ ಅರ್ಧ ಬೆಂದಿದ್ದಕ್ಕೆ.

ಬೇಳೆ ಯಾಕೆ ಬೇಯುತ್ತಿರಲಿಲ್ಲ ಅನ್ನುವುದು ತಿಳಿಯಲು ಬಹಳ ದಿನ ಹಿಡಿಯಿತು. ಮೊದಲು ಬೇಳೆ ಹಳೆಯದು ಅಂದುಕೊಂಡೆ, ಅಂಗಡಿ ಬದಲಿಸಿದೆ, ಕೆಜಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ತಂದೆ. ಸೀಟಿ ನಾಲ್ಕರಿಂದ ಎಂಟಕ್ಕೆ ಏರಿಸಿದೆ. ಅಕ್ಕಿ ಅಂಟಾಯಿತೇ ಹೊರತು ಬೇಳೆ ಕಾಳುಕಾಳಾಗಿಯೇ ಉಳಿಯಿತು. ತಪ್ಪು ಇದ್ದುದು ಬೋರಿನ ನೀರಿನಲ್ಲಿ. ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವ ನೀರಿದ್ದರೆ ಬೇಳೆ ಮೆತ್ತಗಾಗುವುದು ತಡ, ಯಾಕಂದರೆ ಆ ಸುಣ್ಣದ ಅಂಶ ಬೇಳೆಯನ್ನು ಬಿಗಿ ಹಿಡಿಯುತ್ತದೆ. ಈಗ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನ್ ನೀರನ್ನೇ ಕಿಚಡಿಗೆ ಬಳಸುತ್ತೇನೆ, ಅಕ್ಕಿ ಬೇಳೆ ನೆನೆಸುವುದೂ ಅದರಲ್ಲೇ. ಒಂದು ಸಲಕ್ಕೆ ಲೀಟರಿನಷ್ಟು ಸಾಕು, ಖರ್ಚು ಅಂತ ಹೇಳುವಷ್ಟಿಲ್ಲ. ಅಡಿಗೆ ಸೋಡಾ ಚಿಟಿಕೆ ಹಾಕಿಯೂ ನೋಡಿದೆ. ಬೇಳೆ ಕರಗುತ್ತದೆ ನಿಜ, ಆದರೆ ಸಾಬೂನಿನಂಥ ರುಚಿ ಬರುತ್ತದೆ. ಮೊದಲೇ ಬಾಯಿ ಕೆಟ್ಟವರು ಮುಟ್ಟುವುದಿಲ್ಲ.

ಎರಡನೆಯ ತಪ್ಪು ಅಕ್ಕಿಯದು. ಗಂಗಾವತಿ, ಸಿಂಧನೂರು ಕಡೆಯ ಹೊಸ ಸೋನಾ ಮಸೂರಿ ಮಾರ್ಕೆಟ್ಟಿಗೆ ಬಂದಾಗ ಹಳೆಯದಕ್ಕಿಂತ ಅಗ್ಗ ಸಿಗುತ್ತದೆ. 25 ಕೆಜಿ ಚೀಲದ ಮೇಲೆ ಇನ್ನೂರು ಮುನ್ನೂರು ರೂಪಾಯಿ ಉಳಿಯಿತೆಂದು ತಂದ ಚೀಲ ಮುಗಿಯುವವರೆಗೂ ಕಿಚಡಿ ಅಂದರೆ ಅಂಟಿನ ಮುದ್ದೆ. ಹೊಸ ಅಕ್ಕಿ ನೀರು ಕಡಿಮೆ ಕುಡಿದು ಬೇಗ ಅಂಟಾಗುತ್ತದೆ. ನೀರು ಹೆಚ್ಚಿಸಿದರೆ ಮೇಲೆ ತಿಳಿ, ಕೆಳಗೆ ಮುದ್ದೆ. ಒಂದು ವರ್ಷ ಕಳೆದ ಅಕ್ಕಿ ನಿಧಾನವಾಗಿ ನೀರು ಹೀರಿ, ಕಾಳು ಅರಳಿ, ಕಲಸಿದಾಗ ಬೇಳೆಯ ಜೊತೆ ಹದವಾಗಿ ಬೆರೆಯುತ್ತದೆ. ಹೊಸದೇ ಇದ್ದರೆ ನಾನು ಹೇಳುವ ನೀರಿನಲ್ಲಿ ಐದರಲ್ಲೊಂದು ಪಾಲು ಕಡಿಮೆ ಮಾಡಿ.

ಇನ್ನು ಪ್ರಮಾಣ. ಎಲ್ಲದಕ್ಕೂ ಒಂದೇ ಪ್ರಮಾಣ ಇಟ್ಟುಕೊಂಡಿದ್ದೇ ನನ್ನ ದೊಡ್ಡ ತಪ್ಪು. ಜ್ವರಕ್ಕೆ ಅಕ್ಕಿ ಎರಡು ಪಾಲು, ಹೆಸರುಬೇಳೆ ಒಂದು ಪಾಲು, ಎರಡೂ ಸೇರಿ ಎಷ್ಟಾಯಿತೋ ಅದರ ಆರು ಪಟ್ಟು ನೀರು. ಭೇದಿ ಇದ್ದರೆ ಅಕ್ಕಿ ಮೂರಕ್ಕೆ ಬೇಳೆ ಒಂದು, ತುಪ್ಪ ಹೆಸರಿಗಷ್ಟೇ. ದಣಿದು ಬಂದ ಸಂಜೆಗೆ ಅಕ್ಕಿ ಮೂರಕ್ಕೆ ಬೇಳೆ ಎರಡು, ನೀರು ನಾಲ್ಕು ಪಟ್ಟು. ಬೇಳೆ ಸಮಪಾಲು ಹಾಕಿದ್ದೂ ಇದೆ, ಆರೋಗ್ಯವಂತರಿಗೆ ರುಚಿ. ಜ್ವರದವರು ನಾಲ್ಕು ತುತ್ತಿಗೆ ಸಾಕು ಅಂದರು.

ಜ್ವರದ ಒಬ್ಬರಿಗೆ ಎರಡು ಹೊತ್ತು ಸಣ್ಣ ಬಟ್ಟಲಿನಷ್ಟು ಆಗುವ ಅಳತೆ ಹೇಳುತ್ತೇನೆ. ಲೋಟ ಅಂದರೆ ಸುಮಾರು 150 ಮಿಲಿ ಹಿಡಿಯುವ ಟೀ ಲೋಟ. ಅಕ್ಕಿ ಅರ್ಧ ಲೋಟ, ಬೇಳೆ ಕಾಲು ಲೋಟ, ನೀರು ನಾಲ್ಕೂವರೆ ಲೋಟ. ಅಕ್ಕಿ ಬೇಳೆ ಮೂರು ಸಲ ತೊಳೆದು ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಅಳೆದ ನೀರು ಹಾಕಿ. ಚಿಟಿಕೆ ಅರಿಶಿನ, ಅರ್ಧ ಚಮಚ ತುಪ್ಪ ಈಗಲೇ ಬೀಳಲಿ. ಹೆಸರುಬೇಳೆ ನೊರೆ ಉಕ್ಕಿಸಿ ಸೀಟಿಯ ತೂತು ಕಟ್ಟುತ್ತದೆ, ತುಪ್ಪ ಆ ನೊರೆಯನ್ನು ತಡೆಯುತ್ತದೆ. ಕುಕ್ಕರಿಗೆ ನೇರವಾಗಿ ಸುರಿಯಬೇಡಿ. ಕುಕ್ಕರಿನಲ್ಲಿ ಎರಡು ಬೆರಳು ನೀರು ಹಾಕಿ, ಒಳಗೆ ಒಂದೂವರೆ ಲೀಟರಿನ ಪಾತ್ರೆ ಇಟ್ಟು, ಮೇಲೊಂದು ತಟ್ಟೆ ಸಡಿಲವಾಗಿ ಮುಚ್ಚಿ. ತಳ ಹಿಡಿಯುವುದಿಲ್ಲ, ಗೋಡೆಯ ಮೇಲೆ ಹಳದಿ ಹಾರುವುದೂ ಇಲ್ಲ. ಆರು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಹಬೆ ತಾನಾಗಿ ಇಳಿಯಲಿ. ಸೀಟಿ ಎತ್ತಿ ಹಬೆ ಬಿಟ್ಟರೆ ಪಾತ್ರೆಯೊಳಗಿನದು ಉಕ್ಕಿ ಅರ್ಧ ಕೆಳಗೆ ಹೋಗುತ್ತದೆ.

ಮುಚ್ಚಳ ತೆಗೆದಾಗ ಮೇಲೆ ನೀರು ನಿಂತಿರುತ್ತದೆ, ಹೆದರಬೇಡಿ. ಒಂದು ಬೇಳೆ ಎತ್ತಿ ಎರಡು ಬೆರಳ ನಡುವೆ ಒತ್ತಿ ನೋಡಿ. ನಡುವೆ ಬಿಳಿ ಚುಕ್ಕೆ ಸಿಕ್ಕರೆ ಇನ್ನೆರಡು ಸೀಟಿ ಬೇಕು, ಬೆಣ್ಣೆಯಂತೆ ಜಾರಿದರೆ ಬೆಂದಿದೆ. ಸೌಟಿನ ಬೆನ್ನಿನಿಂದ ಒಂದೇ ದಿಕ್ಕಿಗೆ ಎರಡು ನಿಮಿಷ ಕಲಸಿದರೆ ತಿಳಿ ನೀರು ಹಾಲಿನಂತಾಗಿ ಒಂದಾಗುತ್ತದೆ. ಮಿಕ್ಸಿಗೆ ಹಾಕಿದರೆ ಗೋಂದು. ಉಪ್ಪು ಈಗ ಹಾಕಿ. ಮೊದಲೇ ಹಾಕಿದರೆ ಆಮೇಲೆ ಬಿಸಿನೀರು ಬೆರೆಸಿದಾಗ ಸಪ್ಪೆಯಾಗಿ ಮತ್ತೆ ಹಾಕುವುದು, ಹಾಗೇ ಉಪ್ಪಾಗುವುದು ಬಹಳ ಸಲ ಆಗಿದೆ. ಬಡಿಸುವ ಹೊತ್ತಿಗೆ ಗಟ್ಟಿಯಾಗಿಯೇ ಆಗುತ್ತದೆ, ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇರಲಿ. ತಣ್ಣೀರು ಹಾಕಿದರೆ ಗಂಟುಗಂಟಾಗುತ್ತದೆ.

ಒಗ್ಗರಣೆಗೆ ನಮ್ಮ ಕೈ ತಾನಾಗಿಯೇ ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕಡೆ ಹೋಗುತ್ತದೆ. ಮೂರನ್ನೂ ಬಿಡಿ. ಒಂದು ಚಮಚ ತುಪ್ಪ ಸಣ್ಣ ಉರಿಯಲ್ಲಿ ಕಾಯಿಸಿ, ಅರ್ಧ ಚಮಚ ಜೀರಿಗೆ ಹಾಕಿ. ಜೀರಿಗೆ ಉಬ್ಬಿ ಸುತ್ತ ಸಣ್ಣ ಗುಳ್ಳೆ ಎದ್ದು, ಬಣ್ಣ ಒಂದು ಛಾಯೆ ಮಾತ್ರ ಏರಿದಾಗ ಒಲೆ ಆರಿಸಿ. ಕಪ್ಪಾದರೆ ಕಹಿ, ಜ್ವರದ ನಾಲಿಗೆಗೆ ಅದು ಎರಡು ಪಟ್ಟು. ಆರಿಸಿದ ಮೇಲೆಯೇ ಇಂಗು, ತುರಿದ ಶುಂಠಿ ಕಾಲು ಚಮಚ, ಜಜ್ಜಿದ ಮೆಣಸು ಮೂರು ಕಾಳು. ಶುಂಠಿ ಚಿಟಚಿಟ ಅಂದು ಸುಮ್ಮನಾದ ಕೂಡಲೇ ಕಿಚಡಿಗೆ ಸುರಿದು, ಐದು ನಿಮಿಷ ಮುಚ್ಚಿಡಿ. ಶುಂಠಿಗೂ ಮುಂಚೆ ಆ ತುಪ್ಪಕ್ಕೆ ಇನ್ನೊಂದು ಬೀಳುತ್ತದೆ. ಅದು ನನ್ನ ಕೈಯಲ್ಲೇ ಇರಲಿ, ಅದಿಲ್ಲದೆಯೂ ರುಚಿ ಕೆಡುವುದಿಲ್ಲ. ನಾನು ತರುವ ಬೆಲೆಗೆ ಅಕ್ಕಿ ನಾಲ್ಕು ರೂಪಾಯಿ, ಬೇಳೆ ನಾಲ್ಕು, ತುಪ್ಪ ಐದು, ಉಳಿದದ್ದು ಎರಡು. ಗ್ಯಾಸ್ ಬಿಟ್ಟು ಹದಿನೈದರ ಆಸುಪಾಸು.

ಸಂಜೆಯ ಕಿಚಡಿಗೆ ಇಷ್ಟು ನಾಜೂಕು ಬೇಡ. ಬೇಳೆಯನ್ನು ಎಣ್ಣೆ ಹಾಕದೆ ಹುರಿದು, ಘಮ ಬಂದಾಗ ಇಳಿಸಿ. ಕೆಂಪಾಗುವವರೆಗೆ ಹುರಿದರೆ ಮತ್ತೆ ಬೇಯುವುದು ತಡ. ಹೀರೇಕಾಯಿ ಹೋಳು ಜೊತೆಗೇ ಬೇಯಲಿ, ಟೊಮೆಟೊ ಬೇಕೆಂದರೆ ಒಗ್ಗರಣೆಯಲ್ಲಿ ಬಾಡಿಸಿ, ಹುಳಿ ಮೊದಲೇ ಬಿದ್ದರೆ ಬೇಳೆ ಗಟ್ಟಿಯೇ ಉಳಿಯುತ್ತದೆ. ಮೇಲೆ ಶೇಂಗಾ ಚಟ್ನಿಪುಡಿ ಇದ್ದರೆ ಬೇರೆ ಪಲ್ಯ ಯಾರೂ ಕೇಳುವುದಿಲ್ಲ.

ಅಕ್ಕಿ ಬದಲು ನವಣೆಯಲ್ಲೂ ಮಾಡಿದ್ದೇನೆ. ಎರಡು ಗಂಟೆ ನೆನೆಸಿದರೆ ಸಂಜೆಗೆ ಚೆನ್ನಾಗಿಯೇ ಆಗುತ್ತದೆ, ಆದರೆ ಗಂಟಲು ನೋವಿದ್ದವರಿಗೆ ತರಿತರಿ ಅನಿಸುತ್ತದೆ. ಜೋಳದ ನುಚ್ಚು ಬೇಯುವಷ್ಟರಲ್ಲಿ ಹೆಸರುಬೇಳೆ ಕಾಣದಂತಾಯಿತು. ತೊಗರಿಬೇಳೆ ಹಾಕಿದರೆ ಅದು ಬಿಸಿಬೇಳೆಯ ಕಡೆಗೇ ಎಳೆಯುತ್ತದೆ, ಕಾಯಿಲೆಯವರಿಗೆ ಭಾರ.

ಎರಡನೆಯ ಹೊತ್ತಿಗೆ ಇಡುವುದಾದರೆ ಒಗ್ಗರಣೆ ಹಾಕದ ಪಾಲನ್ನು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ, ಆಮೇಲೆ ಬಿಸಿನೀರು ಹಾಕಿ ಕುದಿ ಬರಿಸಿ ಹೊಸ ಒಗ್ಗರಣೆ ಕೊಡಿ. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟ ಕಿಚಡಿ ಒಂದೆರಡು ಗಂಟೆಯಲ್ಲೇ ಕೆಡತೊಡಗುತ್ತದೆ, ವಾಸನೆ ಆಮೇಲೆ ಬರುತ್ತದೆ. ಫ್ರಿಜ್ಜು ಇಲ್ಲದಿದ್ದರೆ ಅಳತೆ ಅರ್ಧ ಮಾಡಿ, ಎರಡು ಸಲ ಕುಕ್ಕರ್ ಇಡಿ.