ಊರಿಂದ ತಂದ ಹಳೇ ಫೋನು ಮುಂಬೈಲಿ ಯಾಕೆ ಸುಮ್ಮನಾಗ್ತದೆ: ಹೊಸಬರಿಗೆ ಮಾರ್ಗದರ್ಶಿ

ಹೊಸದಾಗಿ ಬಂದ ಕುಟುಂಬದೋರು ಸಂಘಕ್ಕೆ ಬಂದಾಗ ಬಾಡಿಗೆ, ಶಾಲೆ ಅಡ್ಮಿಶನ್ ಮಾತೆಲ್ಲ ಮುಗಿದ ಮೇಲೆ ಯಾರಾದ್ರೂ ಒಬ್ರು ಚೀಲದಿಂದ ಕೀಪ್ಯಾಡ್ ಫೋನ್ ತೆಗೆದು ಮೇಜಿನ ಮೇಲೆ ಇಡ್ತಾರೆ, "ಊರಲ್ಲಿ ಚೆನ್ನಾಗಿತ್ರೀ, ಇಲ್ಲಿಗೆ ಬಂದು ಸಿಮ್ ಬದಲಾಯಿಸಿದ್ದೇ ತಡ ಕೆಟ್ಟೋಯ್ತು" ಅಂತಾರೆ. ಫೋನು ಕೆಟ್ಟಿರಲ್ಲ. ಅದಕ್ಕೆ ಗೊತ್ತಿರೋ ನೆಟ್‌ವರ್ಕ್ ಆ ಸಿಮ್ಮಿನ ಕಂಪನಿ ಹತ್ರ ಇಲ್ಲ, ಅಷ್ಟೇ. ಇದೊಂದು ಗೊತ್ತಾದ್ರೆ ರಿಪೇರಿ ಅಂಗಡಿಗೆ ದುಡ್ಡು ಸುರಿಯೋದು ತಪ್ತದೆ.

ಒಳಗೆ ಆಗಿದ್ದೇನು

ಕೀಪ್ಯಾಡ್ ಫೋನುಗಳಲ್ಲಿ ಹೆಚ್ಚಿನವು 2ಜಿ ಮಾತ್ರ. ಆಮೇಲೆ 3ಜಿ ಬಂತು, ನಮ್ಮ ದೇಶದಲ್ಲಿ ಅದರ ಹರಾಜು ಆಗಿದ್ದು 2010ರಲ್ಲಿ, ಮುಖ್ಯವಾಗಿ 2100 ಮೆಗಾಹರ್ಟ್ಸ್ ತರಂಗಕ್ಕೆ. 2016ರ ಸೆಪ್ಟೆಂಬರಲ್ಲಿ ಜಿಯೋ ಶುರುವಾದಾಗ ಅದು 2ಜಿ, 3ಜಿ ಎರಡನ್ನೂ ಹಾಕಲೇ ಇಲ್ಲ, ಬರೀ 4ಜಿ. ಡೇಟಾ ಬಳಕೆ ಜಾಸ್ತಿ ಆಗ್ತಿದ್ದಂಗೆ ಉಳಿದೋರಿಗೂ 4ಜಿಗೆ ಜಾಗ ಬೇಕಾಯ್ತು, ತರಂಗ ಅನ್ನೋದು ಬೇಕಾದಾಗ ಹುಟ್ಟಿಸೋ ವಸ್ತು ಅಲ್ಲ, ಅದಕ್ಕೆ 3ಜಿ ಓಡ್ತಿದ್ದ ಅದೇ ತರಂಗದ ಮೇಲೆ 4ಜಿ ಓಡ್ಸೋಕೆ ಶುರು ಮಾಡಿದ್ರು. ಏರ್‌ಟೆಲ್ 2019ರಲ್ಲಿ ಕೋಲ್ಕತಾದಿಂದ ಶುರು ಮಾಡಿ 3ಜಿ ಮುಚ್ಚಿತು, ವೊಡಾಫೋನ್ ಐಡಿಯಾ ಆಮೇಲೆ ಒಂದೊಂದೇ ಸರ್ಕಲ್ಲಲ್ಲಿ, ಅಂದ್ರೆ ಫೋನ್ ಕಂಪನಿಗಳ ಲೆಕ್ಕದ ಒಂದೊಂದು ಪ್ರದೇಶದಲ್ಲಿ, ಮುಚ್ಚುತ್ತಾ ಬಂತು. ಆದ್ರೆ ಈ ಇಬ್ರೂ 2ಜಿ ಉಳಿಸ್ಕೊಂಡ್ರು, ಯಾಕಂದ್ರೆ ಬರೀ ಮಾತಾಡೋಕೆ ಕೀಪ್ಯಾಡ್ ಇಟ್ಕೊಂಡಿರೋ ಗಿರಾಕಿಗಳು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ತರಂಗ ಅದೇ ಇದ್ರೆ ಹಳೇ ಫೋನು ಯಾಕೆ ಹಿಡಿಯಲ್ಲ ಅಂತ ಕೇಳ್ತಾರೆ, ಸರಿಯಾದ ಪ್ರಶ್ನೆನೇ. ಹುಬ್ಬಳ್ಳಿ ಕಡೆಯೋರಿಗೆ ಮೀಟರ್ ಗೇಜ್ ನೆನಪಿರ್ಬೇಕು, ದಾರಿ ಅದೇ ಇತ್ತು, ಹಳಿ ಬ್ರಾಡ್ ಗೇಜ್ ಆದ ಮೇಲೆ ಹಳೇ ಡಬ್ಬಿ ಅದರ ಮೇಲೆ ಹತ್ತಲಿಲ್ಲ. 2ಜಿ, 3ಜಿ, 4ಜಿ ಮೂರೂ ತರಂಗದ ಮೇಲೆ ಮಾತನ್ನ ತುಂಬೋ ರೀತಿ ಬೇರೆ ಬೇರೆ, ಅದನ್ನ ಬಿಡಿಸೋ ಕೆಲಸ ಫೋನಿನ ಒಳಗಿನ ಚಿಪ್ಪಿಂದು. ಚಿಪ್ ಬದಲಾಯಿಸೋಕಾಗಲ್ಲ, ಸಾಫ್ಟ್‌ವೇರ್ ಅಪ್‌ಡೇಟಿಂದ 2ಜಿ ಫೋನು 4ಜಿ ಆಗಲ್ಲ. "ಮಾಡ್ಕೊಡ್ತೀನಿ" ಅಂತ ಯಾರಾದ್ರೂ ಅಂಗಡಿಯವ ಹೇಳಿದ್ರೆ ಎದ್ದು ಬನ್ನಿ.

ಹಂಗಾಗಿ ಲೆಕ್ಕ ಹೀಗೆ: 2ಜಿ ಫೋನಿಗೆ ಜಿಯೋ ಸಿಮ್ ಹಾಕಿದ್ರೆ ಏನೂ ಇಲ್ಲ. ಅದೇ ಫೋನಿಗೆ ಏರ್‌ಟೆಲ್ ಇಲ್ಲಾ ವೊಡಾಫೋನ್ ಐಡಿಯಾ ಸಿಮ್ ಹಾಕಿದ್ರೆ ಮಾತು, ಮೆಸೇಜು ನಡೀತದೆ. 3ಜಿ ತನಕದ ಹಳೇ ಟಚ್ ಫೋನಾದ್ರೆ 3ಜಿ ಮುಚ್ಚಿದ ಕಡೆ ಅದು 2ಜಿಗೆ ಇಳೀತದೆ, ಕಾಲ್ ಬರ್ತದೆ, ಇಂಟರ್ನೆಟ್ ಮೂಲೆಯಲ್ಲಿ E ಅಂತ ತೋರಿಸ್ಕೊಂಡು ಕೂತ್ಕೊಳ್ತದೆ, ಒಂದು ಫೋಟೋನೂ ಇಳಿಯಲ್ಲ.

ಡೊಂಬಿವಲಿಯ ಒಂದು ಮನೆ

ಗದಗ ಕಡೆಯ ಕುಟುಂಬ, ಮಗ ಸೊಸೆ ಇಲ್ಲಿ, ಅಪ್ಪ ಊರಿಂದ ಬಂದ್ರು. ತಂದೂ ಅಪ್ಪಂದೂ ಒಂದೇ ಕಂಪನಿ ಇರ್ಲಿ ಅಂತ ಮಗ ಅಪ್ಪನ ನಂಬರನ್ನ ಬರೀ 4ಜಿ ಇರೋ ಕಡೆಗೆ ಪೋರ್ಟ್ ಮಾಡ್ಸಿದ್ರು, ಸಿಮ್ ಕೊಟ್ಟೋನು ಯಾವ ಫೋನಿಗೆ ಅಂತ ಕೇಳಲೇ ಇಲ್ಲ. ಪೋರ್ಟ್ ಆದ ದಿನ ಕೀಪ್ಯಾಡಿಗೆ ಸಿಮ್ ಹಾಕಿದ್ರೆ ಪರದೆ ಮೇಲೆ "ತುರ್ತು ಕರೆ ಮಾತ್ರ". ಸಿಮ್ ಹಾಳು ಅಂದ್ಕೊಂಡು ಬದಲಾಯಿಸಿದ್ರು, ಅದೇ. ಬ್ಯಾಟರಿ ಬದಲಾಯಿಸಿದ್ರು, ಅದೇ. ಅಷ್ಟರಲ್ಲಿ ಪೆನ್ಶನ್ ಖಾತೆಯ ಓಟಿಪಿ ಬರೋದೂ ನಿಂತೋಯ್ತು, ಮನೇಲಿ ಜಗಳ.

ಆ "ತುರ್ತು ಕರೆ ಮಾತ್ರ" ಅನ್ನೋದೇ ಸುಳಿವು. ಫೋನು ಪಕ್ಕದಲ್ಲಿ ಬೇರೆ ಕಂಪನಿಯ 2ಜಿ ಟವರ್ ನೋಡ್ತಾ ಇದೆ, ಅದರ ರೇಡಿಯೋ ಸರಿಯಾಗೇ ಇದೆ, ತನ್ನ ಸಿಮ್ಮಿನ ಕಂಪನಿ ಮಾತ್ರ ಕಾಣ್ತಿಲ್ಲ (112ಕ್ಕೆ ಆಗಲೂ ಫೋನ್ ಹೋಗ್ತದೆ, ಇದು ವಯಸ್ಸಾದೋರಿಗೆ ಹೇಳಿಟ್ಟಿರಿ). ಸೊಸೆಯ ಏರ್‌ಟೆಲ್ ಸಿಮ್ಮನ್ನ ಅದಕ್ಕೆ ಹಾಕಿ ನೋಡಿದ್ವಿ, ತಕ್ಷಣ ಕಡ್ಡಿ ತುಂಬಿತು. ಮಾವನವರ ಸಿಮ್ಮನ್ನ ಸೊಸೆಯ 4ಜಿ ಫೋನಿಗೆ ಹಾಕಿದ್ವಿ, ಅದೂ ಜೀವ ಬಂತು, ನಿಂತಿದ್ದ ಮೆಸೇಜುಗಳಲ್ಲಿ ಕೆಲವು ಒಂದರ ಹಿಂದೆ ಒಂದು ಬಂದ್ವು. ಫೋನೂ ಸರಿ, ಸಿಮ್ಮೂ ಸರಿ, ಜೋಡಿ ಮಾತ್ರ ತಪ್ಪು. ಈ ಅದಲು ಬದಲು ಪರೀಕ್ಷೆ ಮನೇಲೇ ಮಾಡಿ, ಕಾಸು ಖರ್ಚಿಲ್ಲ.

ವಾಪಸ್ ಪೋರ್ಟ್ ಮಾಡೋಣ ಅಂದ್ರೆ 90 ದಿನ ಆಗೋ ತನಕ ಬಿಡಲ್ಲ, ಅದು ನಿಯಮ. ಹಂಗಾಗಿ ಅವರಿಗೆ 4ಜಿ ಕೀಪ್ಯಾಡ್ ಫೋನು ತೆಗೆಸಿದ್ವಿ, ಗುಂಡಿ ಅದೇ ಥರ ಇರೋದ್ರಿಂದ ಅಪ್ಪನಿಗೆ ಹೊಸದಾಗಿ ಕಲಿಯೋ ಕಷ್ಟ ಬರ್ಲಿಲ್ಲ. ದಯವಿಟ್ಟು ಹಿರಿಯರ ಕೈಗೆ ಬಲವಂತವಾಗಿ ಟಚ್ ಫೋನ್ ತುರುಕಬೇಡಿ, ನಮ್ಮೋರು ಇದನ್ನ ಬಹಳ ಮಾಡ್ತಾರೆ.

4ಜಿ ಫೋನೇ ಇದೆ, ಇಂಟರ್ನೆಟ್ ಇದೆ, ಕಾಲ್ ಮಾತ್ರ ಹೋಗಲ್ಲ

ಇದು ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನೋದು. 4ಜಿ ಹುಟ್ಟಿದ್ದು ಡೇಟಾ ಸಾಗಿಸೋಕೆ, ಅದರ ಮೇಲೆ ಮಾತಾಡೋಕೆ ವೋಲ್ಟಿ ಅನ್ನೋದು ಬೇಕು. ಮೊದಮೊದಲ 4ಜಿ ಫೋನುಗಳಲ್ಲಿ ಸುಮಾರಿಗೆ ಅದು ಇರಲಿಲ್ಲ, ಅವು ಡೇಟಾಕ್ಕೆ 4ಜಿ ಬಳಸ್ತವೆ, ಕಾಲ್ ಬಂದಾಗ ಸದ್ದಿಲ್ಲದೆ 3ಜಿಗೋ 2ಜಿಗೋ ಇಳೀತವೆ. 2ಜಿ ಇರೋ ಕಂಪನಿಲಿ ಗೊತ್ತೇ ಆಗಲ್ಲ. ಬರೀ 4ಜಿ ಇರೋ ಕಡೆ ಇಳಿಯೋಕೆ ಮೆಟ್ಟಿಲೇ ಇಲ್ಲ, ಕಾಲ್ ಅಲ್ಲೇ ಸಾಯ್ತದೆ.

ಪರೀಕ್ಷೆ ಸುಲಭ. 2ಜಿ ಇರೋ ಕಂಪನಿಯ ಸಿಮ್ ಹಾಕಿ ವೈಫೈ ಆಫ್ ಮಾಡಿ ಯಾರಿಗಾದ್ರೂ ಕಾಲ್ ಮಾಡಿ, ಮಾತಾಡ್ತಾ ಮೇಲಿನ ಮೂಲೆ ನೋಡಿ. 4G ಇದ್ದದ್ದು E ಇಲ್ಲಾ 2G ಆದ್ರೆ ಆ ಕಾಲ್ ಹಳೇ ನೆಟ್‌ವರ್ಕಲ್ಲಿ ಹೋಗ್ತಿದೆ. ಮೊದಲು ಸೆಟ್ಟಿಂಗಲ್ಲಿ VoLTE ಗುಂಡಿ ಇದೆಯಾ ನೋಡಿ, ಕೆಲವು ಫೋನಲ್ಲಿ ಇದ್ರೂ ಆಫ್ ಆಗಿರ್ತದೆ. ಗುಂಡಿನೇ ಇಲ್ಲ ಅಂದ್ರೆ 2ಜಿ ಇರೋ ಕಂಪನಿಲೇ ಇರಿ.

ಎರಡು ಸಿಮ್ಮಿನ ಹಳೇ ಫೋನುಗಳಲ್ಲಿ ಇನ್ನೊಂದು ಕಿರಿಕಿರಿ, ಒಂದು ಸ್ಲಾಟಿಗೆ ಮಾತ್ರ 4ಜಿ, ಇನ್ನೊಂದು ಬರೀ 2ಜಿ. ಸಿಮ್ ಆ ಕಡೆ ಈ ಕಡೆ ಹಾಕಿ ನೋಡದೆ ಫೋನ್ ಎಸೀಬೇಡಿ.

ಪೋರ್ಟ್ ಮಾಡೋ ಮುಂಚೆ

- ಕಾಲ್ ಬರ್ತಿರೋ ಫೋನಿಂದ 1900ಕ್ಕೆ ಈ ಮೆಸೇಜು, ನಿಮ್ಮ ಹತ್ತಂಕಿ ನಂಬರ್ ಹಾಕಿ:

```
PORT 9XXXXXXXXX
```

- ವಾಪಸ್ ಬರೋ ಪೋರ್ಟ್ ಕೋಡು ನಮ್ಮ ಕಡೆ 4 ದಿನ ನಡೀತದೆ.
- ಸಿಮ್ ಕಾರ್ಡ್ ಹೊಸದಾಗಿ ಬದಲಾಯಿಸಿದ್ರೆ 7 ದಿನ ಕೋಡು ಸಿಗಲ್ಲ.
- ಕರ್ನಾಟಕದಿಂದ ಮುಂಬೈ, ಅಥವಾ ಪುಣೆ ಗೋವಾ ಇರೋ ಮಹಾರಾಷ್ಟ್ರ ಸರ್ಕಲ್: ಪೋರ್ಟ್ ಆಗೋಕೆ 5 ಕೆಲಸದ ದಿನ. ಅದೇ ಸರ್ಕಲ್ ಒಳಗೆ 3.
- ಓಟಿಪಿ ಬೇಕಾಗೋ ಬ್ಯಾಂಕ್ ಕೆಲಸ ಮೊದಲೇ ಮುಗಿಸಿ.

ಫೋನು ಕೊಳ್ಳೋವಾಗ

ಡಬ್ಬಿ ಮೇಲೆ 4ಜಿ ಅಂತ ಬರೆದಿರ್ಬೇಕು, ವೋಲ್ಟಿನೂ ಇರ್ಬೇಕು. ಹೆಸರು ಒಂದೇ ಇದ್ದು 2ಜಿ, 4ಜಿ ಎರಡೂ ಥರ ಮಾರ್ತಾರೆ, ನೋಕಿಯಾ 110 ಹಂಗೇ, ಕಡಿಮೆ ರೇಟಿಗೆ ಸಿಕ್ತು ಅಂತ 2ಜಿದನ್ನ ತರ್ಬೇಡಿ. ಜಿಯೋಫೋನ್, ಜಿಯೋಭಾರತ್ ಥರದವು ಜಿಯೋ ಸಿಮ್ಮಿಗೆ ಮಾತ್ರ, ನಾಳೆ ಕಂಪನಿ ಬದಲಾಯಿಸೋ ಯೋಚನೆ ಇದ್ರೆ ಅವು ಬೇಡ. ಅಂಗಡಿಲೇ ನಿಮ್ಮ ಸಿಮ್ ಹಾಕಿ, ಒಂದು ಕಾಲ್ ಮಾಡಿ, ಒಂದು ಕಾಲ್ ತರಿಸ್ಕೊಂಡು, ಆಮೇಲೆ ದುಡ್ಡು ಕೊಡಿ.